ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಚಿಪ್ಪಿನೊಳಗೆ ಏನಾಗುತ್ತದೆ?

ಕಂಪ್ಯೂಟರ್ ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಮಾದ ಬಯೋಸ್‌ನ ಹೆಸರನ್ನು ಕೇಳಿದ್ದರೂ ಅದನ್ನು ಮುಟ್ಟುವ ಸಂದರ್ಭ ಸಾಮಾನ್ಯ ಬಳಕೆದಾರರಿಗೆ ಬರುತ್ತಿದ್ದುದು ಕಡಿಮೆ. ಈಚೆಗೆ ಎರಡು ಕಾರಣಗಳಿಂದ ಆ ಸಂದರ್ಭ ಮನೆಬಾಗಿಲಿಗೆ ಬಂದಿದೆ. ಇಂಟೆಲ್ ಕಂಪನಿಯ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜಿನಿಂದಾಗಿ ಕ್ರಮೇಣ ಹಾಳಾಗುತ್ತಿದ್ದವು. ಅದನ್ನು ತಡೆಯಲು 2024ರ ಆಗಸ್ಟ್‌ನಲ್ಲಿ ಬಂದ ಪರಿಹಾರ ಬಳಕೆದಾರರನ್ನು ತಲುಪಿದ್ದು ಬಯೋಸ್ ಅಪ್‌ಡೇಟ್ ಮೂಲಕ. ಎರಡನೆಯದು ಸೆಕ್ಯೂರ್ ಬೂಟ್‌ಗೆ ಸಂಬಂಧಿಸಿದ್ದು. ವಿಂಡೋಸ್ ಕಂಪ್ಯೂಟರ್‌ಗಳು ಆರಂಭವಾಗುವಾಗ ಸಾಫ್ಟ್‌ವೇರ್‌ನ ಸಾಚಾತನವನ್ನು ಪರೀಕ್ಷಿಸಲು ಬಳಸುವ 2011ನೇ ಇಸವಿಯ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, ಹೊಸ ಪ್ರಮಾಣಪತ್ರಗಳನ್ನು ಸರಿಯಾಗಿ ಸ್ವೀಕರಿಸಲು ಹಲವು ಯಂತ್ರಗಳಿಗೆ ಹೊಸ ಬಯೋಸ್ ಬೇಕಾಗುತ್ತದೆ.

ಅಪ್‌ಡೇಟ್ ಮಾಡುವ ಪರದೆಯ ಮೇಲೆ ಎಲ್ಲ ಕಂಪನಿಗಳೂ ಒಂದೇ ಎಚ್ಚರಿಕೆ ಬರೆದಿರುತ್ತವೆ: ಕೆಲಸ ಮುಗಿಯುವವರೆಗೆ ಕಂಪ್ಯೂಟರ್ ಆಫ್ ಮಾಡಬೇಡಿ. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ವಾಲಿದರೆ ಅರ್ಧ ಹೋಬಳಿಗೆ ಕತ್ತಲೆ ಕವಿಯುವ ಸಕಲೇಶಪುರ, ಮೂಡಿಗೆರೆಗಳ ಕಡೆ ಈ ಎಚ್ಚರಿಕೆಯನ್ನು ಪಾಲಿಸುವುದು ಕಂಪ್ಯೂಟರ್ ಮುಂದೆ ಕುಳಿತವರ ಕೈಯಲ್ಲಿ ಮಾತ್ರ ಇರುವುದಿಲ್ಲ.

ಈ ಲೇಖನದ ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಸಾಗೋಣ. ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದ ಕಚೇರಿ; ಆಳುಗಳ ಮಸ್ಟರ್ ರೋಲ್, ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲವೂ ಇರುವ ಒಂದು ಡೆಸ್ಕ್‌ಟಾಪ್. ಜುಲೈ ತಿಂಗಳ ಒಂದು ಮಧ್ಯಾಹ್ನ ತೋಟದ ಲೆಕ್ಕ ಬರೆಯುವ ರೈಟರು ಬಯೋಸ್ ಅಪ್‌ಡೇಟ್ ಆರಂಭಿಸಿದರು. ಬರವಣಿಗೆ ಶುರುವಾದ ನಲವತ್ತನೆಯ ಸೆಕೆಂಡಿಗೆ ಕರೆಂಟ್ ಹೋಯಿತು. ಕಚೇರಿಯಲ್ಲಿ ಇನ್ವರ್ಟರ್ ಇತ್ತು, ದೀಪ ಆರಲಿಲ್ಲ, ಫ್ಯಾನ್ ನಿಲ್ಲಲಿಲ್ಲ. ಆದರೆ ಕಂಪ್ಯೂಟರ್ ಮಾತ್ರ ನಿಂತಿತು. ಮತ್ತೆ ಬಟನ್ ಒತ್ತಿದರೆ ಒಳಗಿನ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಬಯೋಸ್ ಇರುವುದು ಎಲ್ಲಿ

ಕಂಪ್ಯೂಟರಿನ ಪ್ರೊಸೆಸರ್‌ಗೆ ವಿದ್ಯುತ್ ಬಂದ ಕ್ಷಣದಲ್ಲಿ ಅದಕ್ಕೆ ಹಾರ್ಡ್‌ಡಿಸ್ಕ್ ಎಂದರೇನು, ಕೀಬೋರ್ಡ್ ಎಲ್ಲಿದೆ ಎಂಬುದೊಂದೂ ತಿಳಿದಿರುವುದಿಲ್ಲ. ಮುಖ್ಯ ಮೆಮೊರಿಯಾದ ರ‍್ಯಾಮ್ ಕೂಡ ಆಗ ಬಳಕೆಗೆ ಸಿದ್ಧವಾಗಿರುವುದಿಲ್ಲ. ಅದಕ್ಕೆ ತಿಳಿದಿರುವುದು ಒಂದು ನಿಶ್ಚಿತ ವಿಳಾಸ ಮಾತ್ರ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಆ ವಿಳಾಸ `0xFFFFFFF0`, ಅಂದರೆ 4 ಜಿಬಿ ಗಡಿಗಿಂತ ಕೇವಲ 16 ಬೈಟ್ ಕೆಳಗಿನ ಜಾಗ. ಮೊದಲ ಆದೇಶವನ್ನು ಪ್ರೊಸೆಸರ್ ಅಲ್ಲಿಂದ ಓದುತ್ತದೆ. ಆ ವಿಳಾಸವನ್ನು ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನ ಕೊನೆಯ ತುದಿಗೆ ಜೋಡಿಸಲಾಗಿರುತ್ತದೆ.

ಆ ಚಿಪ್ಪಿನಲ್ಲಿರುವ ಪ್ರೋಗ್ರಾಮೇ ಬಯೋಸ್. ಈಗಿನ ಯಂತ್ರಗಳಲ್ಲಿ ಅದರ ಸರಿಯಾದ ಹೆಸರು ಯುಇಎಫ್‌ಐ ಫರ್ಮ್‌ವೇರ್, ಆದರೆ ಬಳಕೆಯಲ್ಲಿ ಬಯೋಸ್ ಎಂಬ ಹಳೆಯ ಹೆಸರೇ ನಿಂತಿದೆ. ಚಿಪ್ ಎಂಟು ಕಾಲುಗಳ, ಕಿರುಬೆರಳ ಉಗುರಿಗಿಂತಲೂ ಚಿಕ್ಕ ಕಪ್ಪು ತುಂಡು. ಅದರ ಸಾಮರ್ಥ್ಯ ಸಾಮಾನ್ಯವಾಗಿ 16 ಅಥವಾ 32 ಎಂಬಿ, ಅಂದರೆ ಮೊಬೈಲಿನಲ್ಲಿ ತೆಗೆದ ನಾಲ್ಕೈದು ಫೋಟೊಗಳಷ್ಟು. ಬಯೋಸ್ ರ‍್ಯಾಮನ್ನು ಎಚ್ಚರಿಸಿ, ಉಳಿದ ಭಾಗಗಳನ್ನು ಒಂದೊಂದಾಗಿ ಗುರುತಿಸಿ, ಕೊನೆಗೆ ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸನ್ನು ಹುಡುಕಿ ಕೆಲಸವನ್ನು ಅದಕ್ಕೆ ಒಪ್ಪಿಸುತ್ತದೆ.

ವಿಂಡೋಸ್ ಕೆಟ್ಟರೆ ಪೆನ್‌ಡ್ರೈವ್‌ನಿಂದ ಮತ್ತೆ ಹಾಕಿಕೊಳ್ಳಬಹುದು, ಏಕೆಂದರೆ ಪೆನ್‌ಡ್ರೈವನ್ನು ಓದುವ ಕೆಲಸವನ್ನು ಬಯೋಸ್ ಮಾಡಿಕೊಡುತ್ತದೆ. ಬಯೋಸೇ ಕೆಟ್ಟರೆ ಪೆನ್‌ಡ್ರೈವನ್ನು ಓದಲು ಯಾರೂ ಇರುವುದಿಲ್ಲ. ಬಾವಿಗೆ ಬಿದ್ದ ಏಣಿಯನ್ನು ತೆಗೆಯಲು ಬಾವಿಗೆ ಇಳಿಯಬೇಕು, ಇಳಿಯಲು ಅದೇ ಏಣಿ ಬೇಕು ಎಂಬಂಥ ಸ್ಥಿತಿ ಇದು. ಮುಂದೆ ವಿವರಿಸುವ ರಕ್ಷಣೆಗಳೆಲ್ಲವೂ ಎರಡನೆಯ ಏಣಿಯೊಂದನ್ನು ಎಲ್ಲಾದರೂ ಉಳಿಸಿಕೊಳ್ಳುವ ಉಪಾಯಗಳೇ.

ಅಳಿಸದೆ ಬರೆಯಲಾಗದ ಚಿಪ್

ಅಪ್‌ಡೇಟ್ ಅಪಾಯಕಾರಿಯಾಗುವುದಕ್ಕೆ ಮೂಲ ಕಾರಣ ಈ ಚಿಪ್ಪಿನ ಸ್ವಭಾವದಲ್ಲಿದೆ. ಇದು ಫ್ಲ್ಯಾಶ್ ಮೆಮೊರಿಯ ಒಂದು ಬಗೆ. ಅದರಲ್ಲಿರುವ ಪ್ರತಿಯೊಂದು ಬಿಟ್ 1 ಅಥವಾ 0 ಆಗಿರುತ್ತದೆ. ಬರೆಯುವುದೆಂದರೆ 1 ಇರುವಲ್ಲಿ 0 ಮಾಡುವುದು. ಆದರೆ 0 ಆಗಿದ್ದನ್ನು ಮತ್ತೆ 1 ಮಾಡಲು ಒಂದೊಂದೇ ಬಿಟ್ಟಿಗೆ ದಾರಿಯಿಲ್ಲ. ಅದು ಸೇರಿರುವ ಇಡೀ ವಿಭಾಗವನ್ನು ಒಟ್ಟಿಗೆ ಅಳಿಸಬೇಕಾಗುತ್ತದೆ. ಅತಿ ಚಿಕ್ಕ ವಿಭಾಗ 4 ಕೆಬಿ. ಅಪ್‌ಡೇಟ್ ಬೇಗ ಮುಗಿಯಲೆಂದು ಹಲವು ವೇಳೆ 64 ಕೆಬಿ ಗಾತ್ರದ ತುಂಡುಗಳಾಗಿ ಅಳಿಸುತ್ತಾರೆ.

ಕಾಫಿ ಒಣಗಿಸುವ ಕಣವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಕಣವನ್ನು 256 ಚೌಕಗಳಾಗಿ ಭಾಗ ಮಾಡಿದ್ದಾರೆ ಎಂದುಕೊಳ್ಳಿ. ಹಳೆಯ ಕಾಫಿ ಹರಡಿರುವ ಚೌಕದ ಮೇಲೆ ಹೊಸದನ್ನು ಸುರಿಯುವಂತಿಲ್ಲ; ಮೊದಲು ಆ ಚೌಕವನ್ನು ಪೂರ್ತಿ ಗುಡಿಸಬೇಕು, ಆಮೇಲೆ ಹೊಸ ಹಣ್ಣನ್ನು ಹರಡಬೇಕು, ನಂತರ ಮುಂದಿನ ಚೌಕಕ್ಕೆ ಹೋಗಬೇಕು. 16 ಎಂಬಿ ಚಿಪ್ಪಿನಲ್ಲಿ 64 ಕೆಬಿ ತುಂಡುಗಳು ಸರಿಯಾಗಿ 256 ಇರುತ್ತವೆ.

ಇದಕ್ಕೆ ಹಿಡಿಯುವ ಸಮಯವನ್ನೂ ಅಂದಾಜು ಮಾಡಬಹುದು. ಈ ಬಗೆಯ ಚಿಪ್ಪುಗಳಲ್ಲಿ 64 ಕೆಬಿ ತುಂಡೊಂದನ್ನು ಅಳಿಸಲು ಸಾಧಾರಣವಾಗಿ 0.15 ಸೆಕೆಂಡ್ ಬೇಕು. ಬರವಣಿಗೆ 256 ಬೈಟಿನ ಪುಟಗಳಲ್ಲಿ ಸಾಗುತ್ತದೆ, ಒಂದು ಪುಟಕ್ಕೆ ಸುಮಾರು 0.4 ಮಿಲಿಸೆಕೆಂಡ್, ಒಂದು ತುಂಡಿನಲ್ಲಿ ಅಂಥ 256 ಪುಟಗಳಿರುವುದರಿಂದ ಅದಕ್ಕೆ ಇನ್ನೊಂದು 0.1 ಸೆಕೆಂಡ್. ಹೀಗೆ ತುಂಡಿಗೆ ಕಾಲು ಸೆಕೆಂಡಿನಂತೆ ಇಡೀ ಚಿಪ್ಪಿಗೆ 64 ಸೆಕೆಂಡ್ ಆಗುತ್ತದೆ. ಬರೆದುದನ್ನು ಮತ್ತೆ ಓದಿ ತಾಳೆ ನೋಡುವುದು, ಯಂತ್ರ ನಡುನಡುವೆ ಮರು ಆರಂಭವಾಗುವುದು, ಚಿಪ್ಪಿನ ಹೊರತಾದ ಬೇರೆ ನಿಯಂತ್ರಕಗಳ ಅಪ್‌ಡೇಟ್ ಇವೆಲ್ಲ ಸೇರಿ ನಿಜವಾದ ಅಪ್‌ಡೇಟ್ ಕೆಲವು ನಿಮಿಷ ಹಿಡಿಯುತ್ತದೆ. ಆದರೆ ನಿಜವಾಗಿ ಗಂಡಾಂತರದ ಅವಧಿ ಈ ಒಂದೆರಡು ನಿಮಿಷಗಳದ್ದೇ. ಫೈಲನ್ನು ಡೌನ್‌ಲೋಡ್ ಮಾಡುವಾಗ, ಅಥವಾ ವಿಂಡೋಸ್ ಅದನ್ನು ಡಿಸ್ಕಿನಲ್ಲಿ ಇಟ್ಟು ‘ರೀಸ್ಟಾರ್ಟ್ ಮಾಡಿ’ ಎಂದು ಕೇಳುವಾಗ ಕರೆಂಟ್ ಹೋದರೆ ಬಯೋಸ್‌ಗೆ ಏನೂ ಆಗುವುದಿಲ್ಲ, ಏಕೆಂದರೆ ಆಗಿನ್ನೂ ಚಿಪ್ಪನ್ನು ಯಾರೂ ಮುಟ್ಟಿರುವುದಿಲ್ಲ.

ನಲವತ್ತನೆಯ ಸೆಕೆಂಡಿನಲ್ಲಿ

ತೋಟದ ಕಚೇರಿಯ ಯಂತ್ರಕ್ಕೆ ಈ ಲೆಕ್ಕವನ್ನು ಅನ್ವಯಿಸೋಣ. ಬರವಣಿಗೆ ಕೆಳಗಿನ ವಿಳಾಸದಿಂದ ಮೇಲಕ್ಕೆ ಸಾಗುತ್ತಿತ್ತು ಎಂದಿಟ್ಟುಕೊಂಡರೆ, ನಲವತ್ತು ಸೆಕೆಂಡಿನಲ್ಲಿ 160 ತುಂಡುಗಳು ಹೊಸದಾಗಿವೆ. 161ನೆಯದನ್ನು ಅಳಿಸುತ್ತಿರುವಾಗ ವಿದ್ಯುತ್ ಕಡಿದಿದೆ. ಉಳಿದ 95 ತುಂಡುಗಳಲ್ಲಿ ಹಳೆಯ ಬಯೋಸ್ ಹಾಗೆಯೇ ಇದೆ.

ಈ ಮೂರರಲ್ಲಿ ನಡುವಿನ ತುಂಡಿನ ಸ್ಥಿತಿ ವಿಚಿತ್ರವಾದುದು. ಅಳಿಸುವುದೆಂದರೆ ಪ್ರತಿ ಕೋಶದಲ್ಲಿ ಸಿಕ್ಕಿಕೊಂಡಿರುವ ವಿದ್ಯುತ್ ಆವೇಶವನ್ನು ಹೊರಕ್ಕೆ ಎಳೆಯುವುದು. ಅರ್ಧಕ್ಕೆ ನಿಂತರೆ ಕೆಲವು ಕೋಶಗಳು ಪೂರ್ತಿ ಖಾಲಿಯಾಗಿರುತ್ತವೆ, ಕೆಲವು ತುಂಬಿರುತ್ತವೆ, ಕೆಲವು ನಡುವೆ ತೂಗುತ್ತಿರುತ್ತವೆ. ಹೀಗೆ ತೂಗುವ ಕೋಶ ಒಮ್ಮೆ 1 ಎಂದೂ ಮತ್ತೊಮ್ಮೆ 0 ಎಂದೂ ಓದಿಸಿಕೊಳ್ಳಬಹುದು. ಕೆಟ್ಟ ಯಂತ್ರವೊಂದು ಹತ್ತು ಬಾರಿಯಲ್ಲಿ ಒಮ್ಮೆ ಸ್ವಲ್ಪ ದೂರ ಹೋಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು; ಅದನ್ನು ‘ಸರಿಯಾಗುತ್ತಿದೆ’ ಎಂದು ತಿಳಿಯಬಾರದು. ಚಿಪ್ ಮಾತ್ರ ಹಾಳಾಗಿರುವುದಿಲ್ಲ. ಸರಿಯಾಗಿ ಅಳಿಸಿ ಬರೆದರೆ ಅದೇ ಕೋಶಗಳು ಮತ್ತೆ ನೆಟ್ಟಗಾಗುತ್ತವೆ, ಇಂಥ ಚಿಪ್ಪುಗಳು ಸುಮಾರು ಒಂದು ಲಕ್ಷ ಬಾರಿ ಅಳಿಸಿ ಬರೆಯುವುದನ್ನು ತಡೆದುಕೊಳ್ಳುವಂತೆ ತಯಾರಾಗಿರುತ್ತವೆ.

ಇನ್ನು ಹೊಸ 160 ಮತ್ತು ಹಳೆಯ 95 ತುಂಡುಗಳು ತಮ್ಮಷ್ಟಕ್ಕೆ ಸರಿಯಾಗಿದ್ದರೂ ಒಂದಕ್ಕೊಂದು ಹೊಂದುವುದಿಲ್ಲ. ಹಳೆಯ ಭಾಗ ‘ಮುಂದಿನ ಕೆಲಸ ಇಂಥ ಜಾಗದಲ್ಲಿದೆ’ ಎಂದು ಕೈ ತೋರಿಸುವಲ್ಲಿ ಹೊಸ ಬಯೋಸ್‌ನ ಬೇರಾವುದೋ ಭಾಗ ಕುಳಿತಿರುತ್ತದೆ.

ಯಂತ್ರದ ಹಣೆಬರಹವನ್ನು ನಿರ್ಧರಿಸುವುದು ಎಷ್ಟು ಭಾಗ ಕೆಟ್ಟಿದೆ ಎಂಬುದಲ್ಲ, ಯಾವ ಭಾಗ ಕೆಟ್ಟಿದೆ ಎಂಬುದು. ಚಿಪ್ಪಿನ ಮೇಲ್ತುದಿಯಲ್ಲಿ, ಮೊದಲ ಆದೇಶದ ವಿಳಾಸವಿರುವಲ್ಲಿ, ಒಂದು ಚಿಕ್ಕ ಭಾಗವಿರುತ್ತದೆ. ಅದಕ್ಕೆ ಬೂಟ್ ಬ್ಲಾಕ್ ಎನ್ನುತ್ತಾರೆ. ಪ್ರೊಸೆಸರನ್ನು ಎಚ್ಚರಿಸಿ ರ‍್ಯಾಮನ್ನು ಸಿದ್ಧಪಡಿಸುವಷ್ಟು ಆದೇಶಗಳು ಅದರಲ್ಲಿರುತ್ತವೆ. ನಮ್ಮ ಉದಾಹರಣೆಯಲ್ಲಿ ಅದು ಹಳೆಯ 95ರ ಗುಂಪಿನಲ್ಲಿ, ಏಟು ಬೀಳದೆ ಉಳಿದಿದೆ. ಇದೇ ವಿದ್ಯುತ್ ಸುಮಾರು ಇಪ್ಪತ್ತನಾಲ್ಕು ಸೆಕೆಂಡ್ ತಡವಾಗಿ, ಕೊನೆಯ ತುಂಡನ್ನು ಅಳಿಸುವಾಗ ಹೋಗಿದ್ದರೆ ಚಿಪ್ಪಿನ ಬಹುಭಾಗ ಸರಿಯಾಗಿಯೇ ಇರುತ್ತಿತ್ತು, ಆದರೆ ಪ್ರೊಸೆಸರ್‌ಗೆ ಮೊದಲ ಆದೇಶವೇ ಸಿಗುತ್ತಿರಲಿಲ್ಲ. ತೊಂಬತ್ತೊಂಬತ್ತು ಪಾಲು ಮುಗಿದಿತ್ತು ಎಂಬುದು ಇಲ್ಲಿ ಸಮಾಧಾನದ ಮಾತಲ್ಲ.

ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗಿರುತ್ತದೆ. ಸ್ವಲ್ಪ ಗಮನಿಸಿದರೆ ವ್ಯತ್ಯಾಸದ ಸುಳಿವು ಸಿಗಬಹುದು. ಕೀಬೋರ್ಡಿನ ನಮ್‌ಲಾಕ್ ಒತ್ತಿದಾಗ ಅದರ ದೀಪ ಬದಲಾದರೆ ಬಯೋಸ್ ಬಹುಪಾಲು ಜೀವಂತವಾಗಿದೆ, ತೊಂದರೆ ಪರದೆಯ ಕಡೆಯದು. ದೀಪ ಬದಲಾಗದಿದ್ದರೂ ಪೆನ್‌ಡ್ರೈವ್ ಚುಚ್ಚಿದಾಗ ಅದರ ದೀಪ ಮಿನುಗಿದರೆ, ಅಥವಾ ಯಂತ್ರ ತಾನಾಗಿ ಒಂದೆರಡು ಬಾರಿ ನಿಂತು ಮತ್ತೆ ಶುರುವಾದರೆ, ಬೂಟ್ ಬ್ಲಾಕ್ ಉಳಿದು ಏನನ್ನೋ ಹುಡುಕುತ್ತಿರುವ ಸಾಧ್ಯತೆ ಇದೆ. ಯಾವ ಚಲನೆಯೂ ಇಲ್ಲದೆ ಬರೀ ಫ್ಯಾನ್ ತಿರುಗುತ್ತಿದ್ದರೆ ಬೂಟ್ ಬ್ಲಾಕೇ ಹೋಗಿರಬಹುದು.

ಈ ಹಂತದಲ್ಲಿ ಅನೇಕರು ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ತೆಗೆದು ಹಾಕುತ್ತಾರೆ. ಆ ಬ್ಯಾಟರಿ ಗಡಿಯಾರವನ್ನೂ ಕೆಲವು ಆಯ್ಕೆಗಳನ್ನೂ ಕಾಪಾಡುತ್ತದೆಯೇ ಹೊರತು ಬಯೋಸ್ ಪ್ರೋಗ್ರಾಮನ್ನಲ್ಲ. ತಪ್ಪು ಆಯ್ಕೆಯಿಂದ ನಿಂತ ಯಂತ್ರಕ್ಕೆ ಇದು ಮದ್ದು. ಅರ್ಧ ಬರೆದ ಚಿಪ್ಪಿಗೆ ಇದರಿಂದ ಉಪಯೋಗವಿಲ್ಲ.

ಬೂಟ್ ಬ್ಲಾಕ್ ಉಳಿದಿದ್ದರೆ: ರಿಕವರಿ ಮೋಡ್

ರಿಕವರಿ ಮೋಡ್ ಎಂಬುದು ಈ ಬೂಟ್ ಬ್ಲಾಕ್‌ನ ಒಳಗೇ ಅಡಗಿರುವ ಒಂದು ಸಾಮರ್ಥ್ಯ. ಅದು ಬಯೋಸ್‌ನ ಮುಖ್ಯ ಭಾಗಕ್ಕೆ ಕೆಲಸ ಒಪ್ಪಿಸುವ ಮೊದಲು ಆ ಭಾಗದ ಬೈಟುಗಳನ್ನೆಲ್ಲ ಲೆಕ್ಕ ಹಾಕಿ, ಮೊದಲೇ ಬರೆದಿಟ್ಟ ಮೊತ್ತದೊಂದಿಗೆ ಅಥವಾ ಡಿಜಿಟಲ್ ಸಹಿಯೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ ಅತ್ತ ಹೋಗದೆ, ಪೆನ್‌ಡ್ರೈವ್‌ನಲ್ಲೋ ಡಿಸ್ಕಿನ ಒಂದು ಮೀಸಲು ಜಾಗದಲ್ಲೋ ಸರಿಯಾದ ಬಯೋಸ್ ಫೈಲ್ ಇದೆಯೇ ಎಂದು ಹುಡುಕಿ, ಸಿಕ್ಕರೆ ಅದನ್ನು ಚಿಪ್ಪಿಗೆ ಬರೆಯುತ್ತದೆ.

ಈ ಪುಟ್ಟ ಪ್ರೋಗ್ರಾಮಿನ ತಿಳಿವಳಿಕೆ ಬಹಳ ಮಿತವಾದುದು. ಸಾಮಾನ್ಯವಾಗಿ ಅದು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು ಮಾತ್ರ ಓದಬಲ್ಲದು. ಫೈಲ್ ಯಾವ ಫೋಲ್ಡರಿನ ಒಳಗೂ ಇರದೆ, ಕಂಪನಿ ಹೇಳಿದ ಹೆಸರಿನಲ್ಲಿಯೇ ಇರಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ‘ಫೈಲ್ ಇಲ್ಲ’ ಎಂದೇ ಅದರ ತೀರ್ಮಾನ. ರಿಕವರಿ ಆಗುತ್ತಿಲ್ಲ ಎಂದು ಕೈಚೆಲ್ಲುವ ಪ್ರಕರಣಗಳಲ್ಲಿ ಹಲವು ಇಷ್ಟು ಸಣ್ಣ ಕಾರಣಕ್ಕೆ ನಿಂತಿರುತ್ತವೆ.

ತೋಟದ ಯಂತ್ರಕ್ಕೆ ಮರುಜೀವ ಬಂದದ್ದು ಈ ದಾರಿಯಲ್ಲಿಯೇ. ರೈಟರು ಮೊದಲು ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡಿನ ಮೇಲೆ ಅಚ್ಚಾಗಿದ್ದ ಮಾದರಿಯ ಹೆಸರನ್ನೂ ಅದರ ರಿವಿಷನ್ ಸಂಖ್ಯೆಯನ್ನೂ ಬರೆದುಕೊಂಡರು. ಒಂದೇ ಹೆಸರಿನ ಬೋರ್ಡಿನ ಬೇರೆ ಬೇರೆ ರಿವಿಷನ್‌ಗಳಿಗೆ ಬೇರೆ ಬೇರೆ ಬಯೋಸ್ ಇರುವುದುಂಟು, ಆದ್ದರಿಂದ ಈ ಎರಡನೆಯ ಸಂಖ್ಯೆ ಹೆಸರಿನಷ್ಟೇ ಅಗತ್ಯ. ಪೇಟೆಯಲ್ಲಿರುವ ಪರಿಚಯದವರ ಲ್ಯಾಪ್‌ಟಾಪಿನಲ್ಲಿ ಕಂಪನಿಯ ತಾಣದಿಂದ ಫೈಲ್ ಇಳಿಸಿಕೊಂಡು, ಜಿಪ್ ಬಿಡಿಸಿ, ಕೈಪಿಡಿಯಲ್ಲಿದ್ದ ಹೆಸರನ್ನು ಕೊಟ್ಟು, 8 ಜಿಬಿಯ ಹಳೆಯ ಪೆನ್‌ಡ್ರೈವ್‌ಗೆ ಹಾಕಿದರು. ಕಚೇರಿಗೆ ಮರಳಿ ಅದನ್ನು ಹಿಂಬದಿಯ ಪೋರ್ಟಿಗೆ ಚುಚ್ಚಿ, ಕೀಬೋರ್ಡ್ ಹೊರತು ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು, ಬಟನ್ ಒತ್ತಿದರು. ಎರಡು ನಿಮಿಷ ಪರದೆ ಕಪ್ಪಾಗಿಯೇ ಇತ್ತು, ಪೆನ್‌ಡ್ರೈವಿನ ದೀಪ ಮಾತ್ರ ಮಿನುಗುತ್ತಿತ್ತು. ಬಳಿಕ ಬಯೋಸ್ ಕೆಟ್ಟಿದೆ, ದುರಸ್ತಿ ನಡೆಯುತ್ತಿದೆ ಎಂಬ ಸಾಲೊಂದು ಪರದೆಯ ಮೇಲೆ ಬಂತು. ಆ ಎರಡು ನಿಮಿಷದಲ್ಲಿ ತಾಳ್ಮೆಗೆಟ್ಟು ಆಫ್ ಮಾಡಿದ್ದರೆ ಎರಡನೆಯ ಬಾರಿಯೂ ಬರವಣಿಗೆ ಅರ್ಧಕ್ಕೆ ನಿಲ್ಲುತ್ತಿತ್ತು.

ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಕೀಲಿಗಳ ಮೂಲಕ ಕೇಳಿಕೊಳ್ಳಬೇಕಾಗುತ್ತದೆ. ಎಚ್‌ಪಿಯ ಅನೇಕ ಮಾದರಿಗಳಲ್ಲಿ ವಿಂಡೋಸ್ ಕೀಲಿ ಮತ್ತು `B` ಎರಡನ್ನೂ ಒತ್ತಿ ಹಿಡಿದು ಪವರ್ ಬಟನನ್ನು ಎರಡು ಮೂರು ಸೆಕೆಂಡ್ ಒತ್ತಬೇಕು. ಡೆಲ್‌ನ ರಿಕವರಿ ಸೌಲಭ್ಯವಿರುವ ಲ್ಯಾಪ್‌ಟಾಪ್‌ಗಳಲ್ಲಿ `Ctrl` ಮತ್ತು `Esc` ಒತ್ತಿ ಹಿಡಿದುಕೊಂಡೇ ಚಾರ್ಜರ್ ಜೋಡಿಸಬೇಕು. ಇವುಗಳಲ್ಲಿ ಹಲವು ಯಂತ್ರಗಳು ಹಳೆಯ ಬಯೋಸ್‌ನ ಒಂದು ಪ್ರತಿಯನ್ನು ಡಿಸ್ಕಿನಲ್ಲಿಯೇ ಇಟ್ಟುಕೊಂಡಿರುತ್ತವೆ. ಹೊಸ ಡಿಸ್ಕ್ ಹಾಕಿಸಿಕೊಂಡವರಿಗೆ, ವಿಂಡೋಸ್ ಹಾಕುವಾಗ ಎಲ್ಲ ವಿಭಾಗಗಳನ್ನೂ ಅಳಿಸಿದವರಿಗೆ ಆ ಪ್ರತಿ ಸಿಗುವುದಿಲ್ಲ ಎಂಬುದು ನೆನಪಿರಲಿ.

ಬೂಟ್ ಬ್ಲಾಕನ್ನೇ ಅಪ್‌ಡೇಟ್ ಮಾಡಬೇಕಾದಾಗ ಏನು ಗತಿ ಎಂಬ ಪ್ರಶ್ನೆ ಸಹಜ. ಇದಕ್ಕೆ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ‘ಟಾಪ್ ಸ್ವಾಪ್’ ಎಂಬ ಏರ್ಪಾಡಿದೆ. ಮೇಲ್ತುದಿಯ ತುಂಡಿನ ಪ್ರತಿಯೊಂದನ್ನು ಅದರ ಕೆಳಗಿನ ತುಂಡಿನಲ್ಲಿ ಮೊದಲು ಬರೆದಿಟ್ಟು, ಒಂದು ಗುರುತನ್ನು ಬದಲಿಸಿದರೆ ಪ್ರೊಸೆಸರ್ ಮೇಲಿನದರ ಬದಲು ಕೆಳಗಿನದನ್ನು ಓದುತ್ತದೆ. ಆಮೇಲೆ ನಿಜವಾದ ಮೇಲ್ತುದಿಯನ್ನು ಅಳಿಸಿ ಬರೆದು, ಗುರುತನ್ನು ಮೊದಲಿನಂತೆ ಮಾಡಲಾಗುತ್ತದೆ. ಹಳೆಯ ಸೇತುವೆ ಒಡೆಯುವ ಮುನ್ನ ಪಕ್ಕದಲ್ಲಿ ತಾತ್ಕಾಲಿಕ ದಾರಿ ಮಾಡಿಕೊಂಡ ಹಾಗೆ. ಆದರೆ ಇದನ್ನು ಬಳಸಬೇಕೆ ಎಂಬುದು ಬೋರ್ಡ್ ತಯಾರಿಸಿದ ಕಂಪನಿಗೆ ಬಿಟ್ಟದ್ದು, ಬಳಸದವರೂ ಇದ್ದಾರೆ.

ಪ್ರೊಸೆಸರ್ ಬೇಕಿಲ್ಲದ ಬಟನ್

ಬೂಟ್ ಬ್ಲಾಕೂ ಹೋಗಿದ್ದರೆ ಆಗಲೂ ಕೈ ಹಿಡಿಯುವ ಸೌಲಭ್ಯವೊಂದು ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಲ್ಲಿದೆ. ಆಸುಸ್ ಅದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಎಂದೂ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್ ಎಂದೂ ಕರೆಯುತ್ತವೆ. ಎಂಎಸ್‌ಐ ಬೋರ್ಡುಗಳಲ್ಲಿ ಫ್ಲ್ಯಾಶ್ ಬಯೋಸ್ ಬಟನ್ ಎಂದಿರುತ್ತದೆ. ಇವುಗಳಲ್ಲಿ ಪ್ರೊಸೆಸರ್‌ನ ಪಾತ್ರವೇ ಇಲ್ಲ. ಬೋರ್ಡಿನ ಮೇಲಿರುವ ಪ್ರತ್ಯೇಕವಾದ ಪುಟ್ಟ ನಿಯಂತ್ರಕವೊಂದು, ಕಂಪ್ಯೂಟರ್ ಆಫ್ ಆಗಿರುವಾಗಲೂ ಹರಿಯುವ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ ಕೆಲಸ ಮಾಡಿ, ಗುರುತು ಮಾಡಿದ ಒಂದೇ ಯುಎಸ್‌ಬಿ ಪೋರ್ಟಿನಿಂದ ಫೈಲನ್ನು ಓದಿ ಚಿಪ್ಪಿಗೆ ನೇರವಾಗಿ ಬರೆಯುತ್ತದೆ. ಗಿಗಾಬೈಟ್ ಬೋರ್ಡಿಗೆ ಫೈಲಿನ ಹೆಸರು `GIGABYTE.bin`, ಎಂಎಸ್‌ಐಗೆ `MSI.ROM`. ಆಸುಸ್‌ನಲ್ಲಿ ಡೌನ್‌ಲೋಡ್ ಜೊತೆಗೇ ಬರುವ `BIOSRenamer` ಎಂಬ ಪ್ರೋಗ್ರಾಂ ಸರಿಯಾದ ಹೆಸರನ್ನು ಕೊಡುತ್ತದೆ. ಆಸುಸ್ ಬೋರ್ಡಿನ ಬಟನನ್ನು ಮೂರು ಸೆಕೆಂಡ್ ಒತ್ತಿದರೆ ದೀಪ ಮಿನುಗತೊಡಗಿ, ಕೆಲಸ ಮುಗಿದಾಗ ಆರುತ್ತದೆ. ಮಿನುಗುವುದು ಬೇಗನೆ ನಿಂತು ಒಂದೇ ಸಮನೆ ಉರಿಯತೊಡಗಿದರೆ ಅದಕ್ಕೆ ಫೈಲ್ ಸರಿಯಾಗಿ ಸಿಕ್ಕಿಲ್ಲ ಎಂದರ್ಥ.

ಇದರ ಬರವಣಿಗೆಯ ನಡುವೆ ಕರೆಂಟ್ ಹೋದರೂ ಭಯವಿಲ್ಲ. ಈ ನಿಯಂತ್ರಕಕ್ಕೆ ಬಯೋಸ್ ಬೇಕಿಲ್ಲವಾದ್ದರಿಂದ ಮತ್ತೆ ಬಟನ್ ಒತ್ತಿದರಾಯಿತು. ಬೋರ್ಡ್ ಕೊಳ್ಳುವಾಗ ಒಂದೇ ಸೌಲಭ್ಯವನ್ನು ಆರಿಸಬೇಕಾದರೆ ನಾನಂತೂ ಎರಡು ಚಿಪ್ಪಿಗಿಂತ ಈ ಬಟನ್ನನ್ನೇ ಆರಿಸುತ್ತೇನೆ. ಅದಕ್ಕೆ ಕಾರಣ ಮುಂದಿನ ಭಾಗದಲ್ಲಿದೆ.

ಎರಡು ಚಿಪ್‌ಗಳ ಬಲ ಮತ್ತು ಮಿತಿ

ಕೆಲವು ಬೋರ್ಡುಗಳಲ್ಲಿ ಒಂದೇ ಬಗೆಯ ಎರಡು ಚಿಪ್‌ಗಳನ್ನು ಅಕ್ಕಪಕ್ಕ ಕೂರಿಸಿರುತ್ತಾರೆ. ಗಿಗಾಬೈಟ್‌ನ ಡ್ಯುಯಲ್‌ಬಯೋಸ್ ಇದರಲ್ಲಿ ಹೆಸರಾದದ್ದು. ಒಂದು ಮುಖ್ಯ ಚಿಪ್, ಮತ್ತೊಂದು ಕಾಯ್ದಿಟ್ಟ ಚಿಪ್. ಅಪ್‌ಡೇಟ್ ಮುಖ್ಯ ಚಿಪ್ಪಿಗೆ ಮಾತ್ರ ಆಗುತ್ತದೆ. ಅದು ಕೆಟ್ಟು ಯಂತ್ರ ಆರಂಭವಾಗದಿದ್ದರೆ ಬೋರ್ಡ್ ಎರಡನೆಯ ಚಿಪ್ಪಿನಿಂದ ಆರಂಭವಾಗಿ, ಅದರಲ್ಲಿರುವುದನ್ನು ಮೊದಲನೆಯದಕ್ಕೆ ನಕಲು ಮಾಡುತ್ತದೆ. ಬೂಟ್ ಬ್ಲಾಕ್ ಪೂರ್ತಿ ಅಳಿಸಿಹೋಗಿದ್ದರೂ ಇಲ್ಲಿ ಅಡ್ಡಿಯಿಲ್ಲ, ಏಕೆಂದರೆ ಎರಡನೆಯ ಚಿಪ್ಪಿನಲ್ಲಿ ಅದರದೇ ಆದ ಬೂಟ್ ಬ್ಲಾಕ್ ಇರುತ್ತದೆ. ಪೆನ್‌ಡ್ರೈವ್ ಬೇಕಿಲ್ಲ, ಇನ್ನೊಂದು ಕಂಪ್ಯೂಟರ್ ಬೇಕಿಲ್ಲ. ನೆಟ್‌ವರ್ಕ್ ಸಿಗದ ತೋಟದ ಮನೆಗೆ ಇದು ದೊಡ್ಡ ಅನುಕೂಲ.

ಮಿತಿಗಳು ಎರಡು. ಮೊದಲನೆಯದು, ಮುಖ್ಯ ಚಿಪ್ ಕೆಟ್ಟಿದೆ ಎಂದು ಬೋರ್ಡಿಗೆ ಗೊತ್ತಾಗಬೇಕು. ಮೊತ್ತ ಹೊಂದದಿದ್ದರೆ ಅಥವಾ ನಿಗದಿತ ಸಮಯದೊಳಗೆ ಆರಂಭ ಮುಂದುವರಿಯದಿದ್ದರೆ ಅದಕ್ಕೆ ಗೊತ್ತಾಗುತ್ತದೆ. ಆದರೆ ಬರವಣಿಗೆ ಸರಿಯಾಗಿ ಮುಗಿದು, ಬಯೋಸ್‌ನಲ್ಲಿಯೇ ದೋಷವಿದ್ದು, ಯಂತ್ರ ಬಹಳ ದೂರ ಬಂದು ನಿಂತರೆ ಎಲ್ಲವೂ ಸರಿಯಿದೆ ಎಂದೇ ಅದು ತಿಳಿಯಬಹುದು. ಅದಕ್ಕಾಗಿಯೇ ಕೆಲವು ದುಬಾರಿ ಬೋರ್ಡುಗಳಲ್ಲಿ ಯಾವ ಚಿಪ್ಪನ್ನು ಬಳಸಬೇಕೆಂದು ಕೈಯಿಂದಲೇ ಆರಿಸುವ ಸ್ವಿಚ್ ಇರುತ್ತದೆ.

ಎರಡನೆಯದು ಕಾಯ್ದಿಟ್ಟ ಪ್ರತಿಯ ವಯಸ್ಸು. ಬೋರ್ಡ್ ಕಾರ್ಖಾನೆಯಿಂದ ಬಂದ ದಿನದ ಬಯೋಸ್ ಅದರಲ್ಲಿ ಹಾಗೆಯೇ ಉಳಿದಿರುವುದು ಸಾಮಾನ್ಯ. 2017ರಲ್ಲಿ ಕೊಂಡ ಎಎಂಡಿ ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿ, 2020ರಲ್ಲಿ ಬಿಡುಗಡೆಯಾದ ರೈಜೆನ್ 5000 ಸಾಲಿನ ಪ್ರೊಸೆಸರ್ ಹಾಕಿಕೊಂಡಿದ್ದಾರೆ ಎನ್ನಿ. ಮುಖ್ಯ ಚಿಪ್ ಕೆಟ್ಟಾಗ ಎರಡನೆಯ ಚಿಪ್ ಎದ್ದು ಬರುತ್ತದೆ. ಆದರೆ 2017ರ ಆ ಬಯೋಸ್‌ಗೆ ಈ ಪ್ರೊಸೆಸರ್‌ನ ಪರಿಚಯವೇ ಇಲ್ಲ. ಎರಡು ಆರೋಗ್ಯವಂತ ಭಾಗಗಳ ನಡುವೆ ಯಂತ್ರ ಮತ್ತೆ ಕಪ್ಪು ಪರದೆಯಲ್ಲಿಯೇ ನಿಲ್ಲುತ್ತದೆ. ಹೊಸ ಬಯೋಸ್ ಕೆಲವು ವಾರ ತೊಂದರೆಯಿಲ್ಲದೆ ನಡೆದ ಮೇಲೆ, ಬೋರ್ಡಿನಲ್ಲಿ ಅವಕಾಶವಿದ್ದರೆ, ಎರಡನೆಯ ಚಿಪ್ಪನ್ನೂ ಹೊಸದಾಗಿಸುವುದು ಇದಕ್ಕೆ ಉತ್ತರ. ಎರಡನ್ನೂ ಒಂದೇ ಮಧ್ಯಾಹ್ನ ಬದಲಿಸಿದರೆ ಎರಡು ಚಿಪ್ ಇದ್ದೂ ಇಲ್ಲದಂತೆ.

ಕ್ರೋಮ್‌ಬುಕ್‌ಗಳು ಇದೇ ಆಲೋಚನೆಯನ್ನು ಒಂದೇ ಚಿಪ್ಪಿನಲ್ಲಿ ಅಚ್ಚುಕಟ್ಟಾಗಿ ಮಾಡಿವೆ. ಬರೆಯದಂತೆ ಬೀಗ ಹಾಕಿದ ಒಂದು ಭಾಗ, ಅದರ ಜೊತೆಗೆ ಎ ಮತ್ತು ಬಿ ಎಂಬ ಎರಡು ಭಾಗಗಳು. ಎ ಬಳಕೆಯಲ್ಲಿರುವಾಗ ಹೊಸದು ಬಿಗೆ ಹೋಗುತ್ತದೆ. ಅದು ಸರಿಯಾಗಿ ನಡೆಯುತ್ತದೆ ಎಂದು ಖಚಿತವಾಗುವವರೆಗೆ ಎ ಭಾಗವನ್ನು ಮುಟ್ಟುವುದಿಲ್ಲ. ಅರ್ಧಕ್ಕೆ ನಿಂತರೆ ನಿಂತದ್ದು ಬಳಕೆಯಲ್ಲಿಲ್ಲದ ಭಾಗ.

ಇವು ಯಾವುವೂ ಇಲ್ಲದಿದ್ದರೆ

ಉಳಿಯುವ ದಾರಿ ಹೊರಗಿನಿಂದ ಚಿಪ್ಪಿಗೆ ಬರೆಯುವುದು. ಹಾಸನದಂಥ ಊರುಗಳಲ್ಲಿ ಲ್ಯಾಪ್‌ಟಾಪ್‌ನ ಬೋರ್ಡ್ ಮಟ್ಟದ ರಿಪೇರಿ ಮಾಡುವವರ ಬಳಿ ಪ್ರೋಗ್ರಾಮರ್ ಎಂಬ ಸಣ್ಣ ಸಾಧನವಿರುತ್ತದೆ. ಚಿಪ್ಪಿನ ಎಂಟು ಕಾಲುಗಳಿಗೆ ಕ್ಲಿಪ್ ಕಚ್ಚಿಸಿ, ಅಥವಾ ಚಿಪ್ಪನ್ನು ಬೆಸುಗೆಯಿಂದ ಬಿಡಿಸಿ, ಇನ್ನೊಂದು ಕಂಪ್ಯೂಟರ್ ಮೂಲಕ ಬರೆಯುತ್ತಾರೆ. ಅಲ್ಲಿಗೆ ಕೊಡುವವರು ಒಂದು ಮಾತನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು: ಹೊಸದನ್ನು ಬರೆಯುವ ಮೊದಲು, ಕೆಟ್ಟಿರುವ ಚಿಪ್ಪಿನಲ್ಲಿರುವುದನ್ನು ಎರಡು ಬಾರಿ ಓದಿ ಉಳಿಸಿಕೊಳ್ಳುವುದು. ಸಿಎಚ್341ಎ ಎಂಬ ಪ್ರೋಗ್ರಾಮರ್ ಇದ್ದರೆ, `flashrom` ಎಂಬ ಪ್ರೋಗ್ರಾಂ ಬಳಸಿ ಇದನ್ನು ಮಾಡುವ ಆದೇಶಗಳು ಹೀಗಿರುತ್ತವೆ:

```
flashrom -p ch341a_spi -r old1.bin
flashrom -p ch341a_spi -r old2.bin
cmp old1.bin old2.bin
```

ಎರಡು ಪ್ರತಿಗಳೂ ಒಂದೇ ಆಗಿದ್ದರೆ ಕೊನೆಯ ಆದೇಶ ಏನನ್ನೂ ಹೇಳದೆ ಮುಗಿಯುತ್ತದೆ. ವ್ಯತ್ಯಾಸ ಬಂದರೆ ಹೆಚ್ಚಾಗಿ ಕ್ಲಿಪ್ ಸರಿಯಾಗಿ ಕಚ್ಚಿಲ್ಲ. ಕೆಟ್ಟದ್ದನ್ನು ಉಳಿಸಿಕೊಳ್ಳುವುದೇಕೆಂದರೆ, ಆ ಯಂತ್ರಕ್ಕೆ ಮಾತ್ರ ಸೇರಿದ ವಿವರಗಳು, ಅಂದರೆ ಸೀರಿಯಲ್ ಸಂಖ್ಯೆ, ಅನೇಕ ಯಂತ್ರಗಳಲ್ಲಿ ನೆಟ್‌ವರ್ಕ್ ವಿಳಾಸ, ಲ್ಯಾಪ್‌ಟಾಪ್ ಜೊತೆಗೆ ಬಂದ ವಿಂಡೋಸ್ ಪರವಾನಗಿಯ ಕೀಲಿ, ಇವು ಅದೇ ಚಿಪ್ಪಿನಲ್ಲಿರುತ್ತವೆ. ಬೇರೊಂದು ಲ್ಯಾಪ್‌ಟಾಪಿನಿಂದ ತೆಗೆದ ಫೈಲನ್ನು ಹಾಗೆಯೇ ಹಾಕಿದರೆ ಯಂತ್ರ ಎದ್ದೇಳಬಹುದು, ಆದರೆ ಇನ್ನೊಬ್ಬರ ಗುರುತಿನ ಚೀಟಿಯೊಂದಿಗೆ. ಇನ್ನೊಂದು ಅಪಾಯ ವೋಲ್ಟೇಜಿನದು: ಇಂಥ ಚಿಪ್ಪುಗಳಲ್ಲಿ 3.3 ವೋಲ್ಟಿನವೂ 1.8 ವೋಲ್ಟಿನವೂ ಇವೆ, ಎರಡನೆಯದಕ್ಕೆ ಪ್ರತ್ಯೇಕ ಅಡಾಪ್ಟರ್ ಬಳಸದಿದ್ದರೆ ಚಿಪ್ಪೇ ಸುಟ್ಟುಹೋಗಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಇಷ್ಟು ದೂರ ಹೋಗದೆ ಉಳಿಯಬಹುದು. ಬರವಣಿಗೆ ದೋಷದ ಸಂದೇಶದೊಂದಿಗೆ ನಿಂತಿದ್ದು ಯಂತ್ರ ಇನ್ನೂ ಆನ್ ಇದ್ದರೆ, ಅದನ್ನು ಆಫ್ ಮಾಡಬಾರದು, ರೀಸ್ಟಾರ್ಟ್ ಮಾಡಲೂಬಾರದು. ಆಗ ಓಡುತ್ತಿರುವ ಪ್ರೋಗ್ರಾಂ ರ‍್ಯಾಮಿನಲ್ಲಿ ಇರುತ್ತದೆ. ಚಿಪ್ಪಿನಲ್ಲಿ ಏನಾಗಿದ್ದರೂ ಅದಕ್ಕೆ ಇನ್ನೂ ಜೀವವಿದೆ. ಅಲ್ಲಿಂದಲೇ ಮತ್ತೊಮ್ಮೆ ಬರೆಯಿಸಿದರೆ ಕೆಲಸ ಮುಗಿಯುವ ಸಾಧ್ಯತೆ ಇದೆ.

ಇನ್ವರ್ಟರ್ ಇದ್ದೂ ನಿಂತದ್ದೇಕೆ

ತೋಟದ ಕಚೇರಿಯ ಮಸ್ಟರ್ ರೋಲ್‌ಗೆ ಏನೂ ಆಗಿರಲಿಲ್ಲ, ಏಕೆಂದರೆ ಅದು ಇದ್ದದ್ದು ಡಿಸ್ಕಿನಲ್ಲಿ. ಬಯೋಸ್‌ನ ಆಯ್ಕೆಗಳು ಮಾತ್ರ ಮೊದಲಿನ ಸ್ಥಿತಿಗೆ ಹೋಗಿದ್ದವು, ದಿನಾಂಕವನ್ನೂ ಸರಿಪಡಿಸಬೇಕಾಯಿತು. ಡಿಸ್ಕಿಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಿದ್ದ ಯಂತ್ರವಾಗಿದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನೂ ಕೇಳುತ್ತಿತ್ತು. ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕೆನ್ನುವುದು ಇದೇ ಕಾರಣಕ್ಕೆ.

ಉಳಿದದ್ದು ಇನ್ವರ್ಟರಿನ ಪ್ರಶ್ನೆ. ಕರೆಂಟ್ ಹೋದಾಗ ಇನ್ವರ್ಟರ್ ತನ್ನ ಒಳಗಿನ ರಿಲೇಯನ್ನು ಬ್ಯಾಟರಿಯ ಕಡೆಗೆ ತಿರುಗಿಸಲು ಒಂದಿಷ್ಟು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಕಂಪ್ಯೂಟರನ್ನು ಹಿಡಿದು ನಿಲ್ಲಿಸಬೇಕಾದದ್ದು ಅದರ ಪವರ್ ಸಪ್ಲೈಯ ಒಳಗಿನ ಕೆಪಾಸಿಟರ್. ಒಳ್ಳೆಯ ಪವರ್ ಸಪ್ಲೈ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ, ಅಗ್ಗದ್ದು ಅಷ್ಟೂ ತಡೆಯುವುದಿಲ್ಲ. ಮನೆಬಳಕೆಯ ಇನ್ವರ್ಟರಿನ ಹಿಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳ ಸ್ವಿಚ್ ಇರುತ್ತದೆ. ಯುಪಿಎಸ್ ಎಂಬ ಕಡೆ ಇಟ್ಟರೆ ಬದಲಾವಣೆ ಹತ್ತು ಹದಿನೈದು ಮಿಲಿಸೆಕೆಂಡಿನಲ್ಲಿ ಆಗುತ್ತದೆ. ನಾರ್ಮಲ್ ಅಥವಾ ಇಕೋ ಎಂಬ ಕಡೆ ಇದ್ದರೆ ಅದರ ಎರಡು ಮೂರು ಪಟ್ಟು ಹಿಡಿಯಬಹುದು. ದೀಪಕ್ಕೂ ಫ್ಯಾನಿಗೂ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನಾರ್ಮಲ್ ಆಯ್ಕೆ ವೋಲ್ಟೇಜ್ ಬಹಳ ಇಳಿದರೂ ಲೈನ್ ಕರೆಂಟನ್ನೇ ಬಿಟ್ಟುಕೊಡುವುದರಿಂದ, ವೋಲ್ಟೇಜ್ ಕುಸಿಯುವ ಮಲೆನಾಡಿನ ಹಳ್ಳಿಗಳಲ್ಲಿ ಬ್ಯಾಟರಿ ಉಳಿಯಲೆಂದು ಇನ್ವರ್ಟರ್ ಕೂರಿಸುವವರು ಅದನ್ನು ಅಲ್ಲಿಯೇ ಇಟ್ಟು ಹೋಗುತ್ತಾರೆ.

ಕಚೇರಿಯ ಇನ್ವರ್ಟರ್ ಕೂಡ ಅದೇ ಸ್ಥಾನದಲ್ಲಿತ್ತು. ತಮ್ಮ ಮನೆಯದು ಹೇಗಿದೆ ಎಂದು ತಿಳಿಯಲು ಬಯೋಸ್ ಮುಟ್ಟಬೇಕಿಲ್ಲ. ತೆರೆದಿರುವ ಕಡತಗಳನ್ನೆಲ್ಲ ಉಳಿಸಿ ಮುಚ್ಚಿ, ಕಂಪ್ಯೂಟರ್ ಆನ್ ಇರುವಾಗ ಮನೆಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದು ನೋಡಬೇಕು, ಅದೂ ಒಮ್ಮೆಯಲ್ಲ, ನಾಲ್ಕೈದು ಬಾರಿ. ಒಂದು ಬಾರಿಯಾದರೂ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಆ ಇನ್ವರ್ಟರನ್ನು ನಂಬಿ ಬಯೋಸ್ ಅಪ್‌ಡೇಟ್ ಆರಂಭಿಸುವಂತಿಲ್ಲ.